ಅಯೋಡಿನ್ ಒಳಗೆ ಬಂದಿದೆ, ಆದರೆ ಅಂಟಿಕೊಂಡಿಲ್ಲ ಅಂದರೆ ಏನು?

ಸುಧಾ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದೇನೆ. ಮೊನ್ನೆ ಕಾಲೇಜಿನ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂತು. ಒಂದು ಮಗುವಿಗೆ ವಿಕಿರಣ ಅಯೋಡಿನ್ ಕುಡಿಸಿದ್ದಾರೆ. ಎರಡು ಗಂಟೆಯಲ್ಲಿ ಅದು ಥೈರಾಯ್ಡ್ ಗ್ರಂಥಿಯಲ್ಲಿ ಚೆನ್ನಾಗಿ ಸೇರಿಕೊಂಡಿದೆ. ಆಮೇಲೆ ಪರ್‌ಕ್ಲೋರೇಟ್ ಕೊಟ್ಟರೆ ಗ್ರಂಥಿಯಲ್ಲಿದ್ದ ಅಯೋಡಿನ್ ಬೇಗ ಇಳಿದುಹೋಯಿತು. ಹಾಗಾದರೆ ತಪ್ಪು ಯಾವ ಹಂತದಲ್ಲಿದೆ?

ನಾನು "ಹಿಡಿಯುವ ಹಂತದಲ್ಲಿ" ಅಂತ ಬರೆದೆ. ತಪ್ಪು ಅಂತ ಸೊನ್ನೆ ಹಾಕಿದರು. ಮೇಡಂ ಹೇಳಿದ್ದು ಒಂದೇ ಮಾತು: "ಸಿಕ್ಕಿದೆ, ಅಂಟಿಲ್ಲ." ಕ್ಲಾಸಿನಲ್ಲಿ ಮತ್ತೆ ಕೇಳೋಕೆ ಧೈರ್ಯ ಬರಲಿಲ್ಲ.

ಪುಸ್ತಕದ ಚಿತ್ರದಲ್ಲಿ ಜೀವಕೋಶದ ತುಂಬ ಬಾಣಗಳೇ ಇವೆ. ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ, ಮತ್ತೆ ಒಳಗೆ. ಒಮ್ಮೆ ಒಳಗೆ ಬಂದ ಅಯೋಡಿನ್ ಮತ್ತೆ ಹೊರಗೆ ಹೋಗೋದಾದರೂ ಹೇಗೆ? ದಯವಿಟ್ಟು ಯಾರಾದರೂ ನಿಧಾನಕ್ಕೆ ಹೇಳಿ.

ಮಂಜು ಫಾರ್ಮಾ, ಸಿರುಗುಪ್ಪ

ತಂಗಿ, ಸುಲಭ ಇದೆ. ಎನ್‌ಐಎಸ್ ಅಂತ ಒಂದು ಪಂಪ್ ಇದೆ. ಅದು ಎಟಿಪಿ ಸುಟ್ಟು ರಕ್ತದಿಂದ ಅಯೋಡಿನ್ ಎಳೆಯುತ್ತದೆ. ಜೀವಕೋಶದ ಒಳಗೆ ಟಿಪಿಒ ಅನ್ನುವ ಕಿಣ್ವ ಇದೆ. ಅದು ಅಯೋಡಿನ್ ತಗೊಂಡು ಟೈರೋಸಿನ್ ಅನ್ನುವ ಅಮೈನೋ ಆಮ್ಲಕ್ಕೆ ಅಂಟಿಸುತ್ತದೆ. ಒಂದು ಅಂಟಿದರೆ ಎಂಐಟಿ, ಎರಡು ಅಂಟಿದರೆ ಡಿಐಟಿ. ಡಿಐಟಿ ಎರಡು ಸೇರಿದರೆ ಟಿ4. ಎಂಐಟಿ, ಡಿಐಟಿ ಸೇರಿದರೆ ಟಿ3. ಹೀಗೆ ತಯಾರಾದ ಹಾರ್ಮೋನನ್ನು ಥೈರೋಗ್ಲೋಬುಲಿನ್ ಅನ್ನುವ ಪ್ರೋಟೀನಿಗೆ ನೇತುಹಾಕಿ ಗೋಡೌನಿನಲ್ಲಿ ಇಡುತ್ತದೆ. ಪರ್‌ಕ್ಲೋರೇಟ್ ಬಂದು ಅಂಟದೇ ಉಳಿದ ಅಯೋಡಿನ್ನನ್ನು ತೊಳೆದು ಹಾಕುತ್ತದೆ. ಇಷ್ಟೇ. ನಾವು ಡಿ.ಫಾರ್ಮಾದಲ್ಲಿ ಇದನ್ನೇ ಬಾಯಿಪಾಠ ಮಾಡಿದ್ದು.

ಹಳೇ ಮೇಷ್ಟ್ರು, ಬಳ್ಳಾರಿ

ಮಂಜು, ನಿನ್ನ ಅನುಕ್ರಮ ಮುಕ್ಕಾಲು ಪಾಲು ಸರಿ. ಆದರೆ ಎಡವಿದ ಜಾಗಗಳಲ್ಲೇ ಸುಧಾಳ ಪ್ರಶ್ನೆಗೆ ಉತ್ತರ ಕೂತಿದೆ. ಶರೀರಕ್ರಿಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಇದೇ ಜಾಗಗಳಲ್ಲಿ ಎಷ್ಟೋ ಮಕ್ಕಳಿಗೆ ಸೊನ್ನೆ ಹಾಕಿದ್ದೇನೆ. ಈಗ ಆ ಪಾಪ ತೊಳೆದುಕೊಳ್ಳುತ್ತೇನೆ.

ಮೊದಲು ಜಾಗ ಗೊತ್ತಿರಲಿ. ಥೈರಾಯ್ಡ್ ಅಂದರೆ ಸಣ್ಣ ಸಣ್ಣ ಗುಂಡುಗಳ ರಾಶಿ. ಒಂದೊಂದು ಗುಂಡಿನ ಗೋಡೆ ಒಂದೇ ಸಾಲು ಜೀವಕೋಶದ್ದು. ನಡುವೆ ಗಂಜಿಯ ಹಾಗೆ ಮಂದವಾದ ಕೊಲಾಯ್ಡ್. ಹಾಗಾಗಿ ಪ್ರತಿ ಜೀವಕೋಶಕ್ಕೂ ಎರಡು ಮುಖ. ಬೆನ್ನು ರಕ್ತದ ಕಡೆಗೆ, ಮುಖ ಕೊಲಾಯ್ಡ್ ಕಡೆಗೆ. ಈ ಎರಡು ದಿಕ್ಕು ಗೊತ್ತಿಲ್ಲದೆ ಚಿತ್ರ ನೋಡಿದರೆ ಬಾಣಗಳ ಜಾತ್ರೆಯೇ ಕಾಣುತ್ತದೆ.

ಬೆನ್ನಿನ ಕಡೆ ಎನ್‌ಐಎಸ್ ಇದೆ. ಅದು ಎಟಿಪಿ ಸುಡುವುದಿಲ್ಲ ಮಂಜು. ಎಟಿಪಿ ಸುಡುವುದು ಪಕ್ಕದಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್. ಅದು ಸೋಡಿಯಂನ್ನು ಹೊರಗೆ ದಬ್ಬುತ್ತಲೇ ಇರುತ್ತದೆ. ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಕಡಿಮೆ. ಹಾಗಾಗಿ ಸೋಡಿಯಂ ಮತ್ತೆ ಒಳಗೆ ನುಗ್ಗಲು ನೋಡುತ್ತದೆ. ಎನ್‌ಐಎಸ್ ಬಾಗಿಲು ತೆಗೆದು, ಎರಡು ಸೋಡಿಯಂ ಜೊತೆಗೆ ಒಂದು ಅಯೋಡೈಡನ್ನೂ ಒಳಗೆ ಬಿಡುತ್ತದೆ. ಟಿಕೆಟ್ ಕೊಂಡವನು ಸೋಡಿಯಂ, ಅವನ ಕೈ ಹಿಡಿದು ಬಸ್ ಹತ್ತಿದವನು ಅಯೋಡೈಡ್. ಔಬೈನ್ ಅನ್ನುವ ವಿಷ ಹಾಕಿ ಸೋಡಿಯಂ ಪಂಪನ್ನು ನಿಲ್ಲಿಸಿದರೆ ಅಯೋಡೈಡ್ ಬರುವುದೂ ನಿಲ್ಲುತ್ತದೆ. ಎನ್‌ಐಎಸ್‌ನ ಕೆಲಸ ಬೇರೆಯವರ ದುಡ್ಡಿನಲ್ಲಿ ನಡೆಯುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ. ಹೀಗೆ ರಕ್ತದಲ್ಲಿ ಇರುವುದಕ್ಕಿಂತ 20ರಿಂದ 40 ಪಟ್ಟು ಅಯೋಡೈಡ್ ಗ್ರಂಥಿಯಲ್ಲಿ ಸೇರುತ್ತದೆ.

ಈಗ ಸುಧಾ, ನಿನ್ನ ಪ್ರಶ್ನೆ. ಬಂದದ್ದು ಹೊರಗೆ ಹೇಗೆ ಹೋಗುತ್ತದೆ? ನಲ್ಲಿ ಕೆಳಗೆ ಇಟ್ಟ ತೂತು ಕೊಡ ನೆನಪಿಸಿಕೋ. ನಲ್ಲಿ ಜೋರಾಗಿ ಬರುತ್ತಿದ್ದರೆ ಕೊಡ ತುಂಬಿಯೇ ಕಾಣುತ್ತದೆ. ತೂತು ಇರುವುದೇ ಗೊತ್ತಾಗುವುದಿಲ್ಲ. ನಲ್ಲಿ ನಿಲ್ಲಿಸು, ನೀರು ಇಳಿಯುತ್ತದೆ. ಜೀವಕೋಶವೂ ತೂತು ಕೊಡವೇ. ಬಿಡಿಯಾಗಿರುವ ಅಯೋಡೈಡ್ ಯಾವಾಗಲೂ ಒಂದಿಷ್ಟು ರಕ್ತಕ್ಕೆ ಸೋರುತ್ತಲೇ ಇರುತ್ತದೆ. ಪರ್‌ಕ್ಲೋರೇಟ್ ಏನನ್ನೂ ತೊಳೆಯುವುದಿಲ್ಲ. ಅದು ಎನ್‌ಐಎಸ್ ಬಾಗಿಲಿನಲ್ಲಿ ಅಯೋಡೈಡಿನ ಜಾಗ ಕಬಳಿಸಿ ನಲ್ಲಿ ನಿಲ್ಲಿಸುತ್ತದೆ, ಅಷ್ಟೇ. ಸೋರುವುದು ತಾನಾಗಿಯೇ ನಡೆಯುತ್ತದೆ.

ಆದರೆ ಕೊಡದಲ್ಲಿನ ನೀರು ಮಂಜುಗಡ್ಡೆ ಆಗಿದ್ದರೆ? ನಲ್ಲಿ ನಿಲ್ಲಿಸಿದರೂ ಸೋರುವುದಿಲ್ಲ. ಅಯೋಡಿನ್ ಟೈರೋಸಿನ್‌ಗೆ ಅಂಟುವುದು ಅಂದರೆ ಹೀಗೆ ಗಟ್ಟಿಯಾಗುವುದು. ಆರೋಗ್ಯವಂತ ಗ್ರಂಥಿಯಲ್ಲಿ ಬಂದ ಅಯೋಡೈಡ್ ನಿಮಿಷಗಳಲ್ಲೇ ಅಂಟಿಬಿಡುತ್ತದೆ. ಅಂಥ ಗ್ರಂಥಿಗೆ ಪರ್‌ಕ್ಲೋರೇಟ್ ಕೊಟ್ಟರೂ ಅಂಕಿ ಅಷ್ಟಾಗಿ ಅಲ್ಲಾಡುವುದಿಲ್ಲ. ನಿನ್ನ ಪ್ರಶ್ನೆಯ ಮಗುವಿನಲ್ಲಿ ಇಳಿಯಿತು. ಅಂದರೆ ಹಿಡಿದದ್ದು ಸರಿ, ಗಟ್ಟಿಯಾಗಿಲ್ಲ. ಹಿಡಿಯುವುದೇ ಕೆಟ್ಟಿದ್ದರೆ ಎರಡು ಗಂಟೆಗೆ ಗ್ರಂಥಿಯಲ್ಲಿ ಏನೂ ಕಾಣುತ್ತಲೇ ಇರಲಿಲ್ಲ, ಅಲ್ವಾ?

ಸುಧಾ, ಕೊಪ್ಪಳ

ಸರ್, ತೂತು ಕೊಡ ಅಂದಕೂಡಲೇ ಹೊಳೆಯಿತು. ನಮ್ಮ ಓಣಿಯಲ್ಲಿ ನಲ್ಲಿ ಬರುವುದೇ ನಾಲ್ಕು ದಿನಕ್ಕೊಮ್ಮೆ, ಕೊಡದ ಸಂಗತಿ ಚೆನ್ನಾಗಿ ಗೊತ್ತು. ಆದರೆ ಅಂಟುವುದು ಎಲ್ಲಿ? ಮಂಜು ಅಣ್ಣ ಜೀವಕೋಶದ ಒಳಗೆ ಅಂದರು. ಚಿತ್ರದಲ್ಲಿ ಟಿಪಿಒ ಗೆರೆಯ ಮೇಲೆ ಕೂತಿದೆ.

ಹಳೇ ಮೇಷ್ಟ್ರು, ಬಳ್ಳಾರಿ

ಗೆರೆಯ ಮೇಲೆಯೇ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಗೆರೆಯ ಆಚೆ ಬದಿ. ಟಿಪಿಒ ಕೊಲಾಯ್ಡ್ ಕಡೆಯ ಪೊರೆಗೆ ಬೇರೂರಿ ನಿಂತಿದೆ, ಆದರೆ ಕೆಲಸ ಮಾಡುವ ಕೈ ಕೊಲಾಯ್ಡ್ ಒಳಗೆ ಚಾಚಿದೆ. ಅಯೋಡೈಡ್ ಬೆನ್ನಿನಿಂದ ಬಂದು, ಜೀವಕೋಶ ದಾಟಿ, ಮುಖದ ಕಡೆಯಿಂದ ಹೊರಗೆ ಬೀಳಬೇಕು. ಅಲ್ಲಿ ಅಂಟುತ್ತದೆ.

ಯಾಕೆ ಹೊರಗೆ? ಅಂಟಿಸಲು ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಗಾಯದ ಮೇಲೆ ಸುರಿದರೆ ಬುಸ್ಸೆಂದು ನೊರೆ ಬರುತ್ತದಲ್ಲ, ಅದೇ. ವಾರ್ಡಿನಲ್ಲಿ ನೋಡಿರುತ್ತೀಯ. ಉಪ್ಪಿನಿಂದ ಬಂದ ಅಯೋಡೈಡ್ ಸೌಮ್ಯ, ಯಾವುದಕ್ಕೂ ಅಂಟುವುದಿಲ್ಲ. ಅದರ ಎಲೆಕ್ಟ್ರಾನ್ ಕಿತ್ತರೆ ಮಾತ್ರ ಟೈರೋಸಿನ್ ಮೇಲೆ ಬೀಳುವ ಚುರುಕು ಬರುತ್ತದೆ. ಕೀಳಲು ಪೆರಾಕ್ಸೈಡ್ ಬೇಕು, ಕೀಳಿಸುವವನು ಟಿಪಿಒ. ಪೆರಾಕ್ಸೈಡ್ ತಯಾರಿಸುವುದು ಡ್ಯುಯಾಕ್ಸ್2 ಅನ್ನುವ ಇನ್ನೊಂದು ಕಿಣ್ವ, ಅದೂ ಅದೇ ಪೊರೆಯಲ್ಲೇ ಇದೆ. ಈ ಉರಿ ಸಾಮಾನನ್ನು ಜೀವಕೋಶದ ನಡುಮನೆಯಲ್ಲಿ ಇಟ್ಟರೆ ಮನೆಯೇ ಸುಡುತ್ತದೆ. ಅದಕ್ಕೇ ಒಲೆ ಹೊರಗೆ.

ಇನ್ನು ಮಂಜುವಿನ ಎರಡನೇ ಎಡವಟ್ಟು. ಬಿಡಿ ಟೈರೋಸಿನ್‌ಗೆ ಅಯೋಡಿನ್ ಅಂಟಿ, ಹಾರ್ಮೋನ್ ಆಗಿ, ಆಮೇಲೆ ಥೈರೋಗ್ಲೋಬುಲಿನ್‌ಗೆ ನೇತುಬೀಳುತ್ತದೆ ಅನ್ನುವುದು ತಿರುವುಮುರುವು. ಬಳ್ಳಾರಿಯವನಾಗಿ ಜೀನ್ಸ್ ಉದಾಹರಣೆ ಕೊಡದೇ ಇರಲಾಗುವುದಿಲ್ಲ. ಥೈರೋಗ್ಲೋಬುಲಿನ್ ಅಂದರೆ ಒಂದು ಉದ್ದ ಬಟ್ಟೆಯ ಥಾನು. ಜೀವಕೋಶವೇ ಅದನ್ನು ನೇಯ್ದು ಕೊಲಾಯ್ಡ್‌ಗೆ ಚಾಚಿ ಹರಡುತ್ತದೆ. ಥಾನಿನಲ್ಲಿ ಟೈರೋಸಿನ್ ಮೊದಲೇ ನೇಯ್ದುಕೊಂಡಿದೆ, ಜೋಡಿ ಅಣುವಿನಲ್ಲಿ ಸುಮಾರು 130 ಕಡೆ. ಅಯೋಡಿನ್ ಅಂದರೆ ಗುಂಡಿ. ಹರಡಿದ ಬಟ್ಟೆಯ ಮೇಲೆಯೇ ಟಿಪಿಒ ಗುಂಡಿ ಹೊಡೆಯುತ್ತದೆ. ಎಲ್ಲಾ ಕಡೆ ಅಲ್ಲ, ಕೈಗೆ ಸಿಗುವ ಕೆಲವು ಕಡೆ ಮಾತ್ರ.

ಗುಂಡಿ ಬಿದ್ದ ಮೇಲೆ ಜೋಡಣೆ. ಎರಡು ಗುಂಡಿಯ ಒಂದು ಟೈರೋಸಿನ್ ತನ್ನ ಅಣುವಿನ ಉಂಗುರದಾಕಾರದ ಭಾಗವನ್ನು ಗುಂಡಿ ಸಮೇತ ಕಿತ್ತು, ಅದೇ ಬಟ್ಟೆಯಲ್ಲಿ ಮಡಿಕೆ ಬಿದ್ದು ಹತ್ತಿರ ಬಂದ ಇನ್ನೊಂದು ಎರಡು ಗುಂಡಿಯ ಟೈರೋಸಿನ್ ಮೇಲೆ ಕೂರಿಸುತ್ತದೆ. ನಾಲ್ಕು ಗುಂಡಿ ಒಂದೇ ಕಡೆ ಆಯಿತು. ಅದೇ ಟಿ4, ಇನ್ನೂ ಬಟ್ಟೆಗೆ ಹೊಲಿದುಕೊಂಡೇ ಇದೆ. ಉಂಗುರ ಕೊಟ್ಟ ಜಾಗದಲ್ಲಿ ಬಟ್ಟೆ ಹರಿಯುವುದಿಲ್ಲ, ಒಂದು ಬೋಳು ಗುರುತು ಉಳಿಯುತ್ತದೆ. ಈ ಜೋಡಣೆಯನ್ನೂ ಟಿಪಿಒ ಮಾಡುತ್ತದೆ. ಇಷ್ಟು ದೊಡ್ಡ ಥಾನಿನಿಂದ ಕೊನೆಗೆ ಸಿಗುವುದು ಎರಡೋ ಮೂರೋ ಟಿ4. ಟಿ3 ಅಂತೂ ನಾಲ್ಕೈದು ಥಾನು ಹುಡುಕಿದರೆ ಒಂದು. ಇಷ್ಟು ದುಂದು ಮಾಡುವ ಕಾರ್ಖಾನೆ ನಮ್ಮ ಕೌಲ್ ಬಜಾರಿನಲ್ಲಿ ಇದ್ದಿದ್ದರೆ ಆರು ತಿಂಗಳಿಗೆ ಬಾಗಿಲು ಹಾಕುತ್ತಿತ್ತು.

ಮಂಜು ಫಾರ್ಮಾ, ಸಿರುಗುಪ್ಪ

ಸರಿ ಸರ್, ಒಪ್ಪಿದೆ. ಎಟಿಪಿ ವಿಷಯದಲ್ಲಿ ನಾನು ಬರೆದದ್ದು ಪೂರ್ತಿ ಸುಳ್ಳೂ ಅಲ್ಲ ಬಿಡಿ, ಪಕ್ಕದ ಮನೆಯ ಎಟಿಪಿ ಅಷ್ಟೇ 😄

ಸಿಂಧನೂರಿನ ಟೀಚರ್

ಇದನ್ನೆಲ್ಲಾ ಓದಿ ನನಗೆ ಗಾಬರಿ ಆಯಿತು. ನಮ್ಮ ಅಮ್ಮನಿಗೆ ಥೈರಾಯ್ಡ್ ಜಾಸ್ತಿ ಆಗಿದೆ. ಎದೆ ಡವಡವ, ಕೈ ನಡುಕ, ಆರು ಕಿಲೋ ಇಳಿದಿದ್ದಾರೆ. ಕಾರ್ಬಿಮಾಜೋಲ್ ಶುರು ಮಾಡಿ ಮೂರು ವಾರ ಆಯಿತು. ನಡುಕ ಹಾಗೇ ಇದೆ. ಡಾಕ್ಟರ್ ಹತ್ತಿರ ಕೇಳಿದರೆ "ಟೈಮ್ ಹಿಡಿಯುತ್ತೆ" ಅಂದು ಮುಂದಿನ ಪೇಷಂಟನ್ನು ಕರೆದರು. ನಾವು ಮಾತ್ರೆ ಸರಿ ಇಲ್ಲ ಅಂದುಕೊಂಡು ಬೇರೆ ಕಡೆ ತೋರಿಸಲು ಹೊರಟಿದ್ದೆವು. ಈಗ ನೀವು ಅಯೋಡಿನ್ ಅಂಟಬೇಕು ಅಂತೀರಿ. ಅಮ್ಮನಿಗೂ ಅಂಟುತ್ತಿಲ್ಲವಾ? ಅಯೋಡಿನ್ ಉಪ್ಪು ಜಾಸ್ತಿ ಹಾಕಬೇಕಾ, ನಿಲ್ಲಿಸಬೇಕಾ?

ಹಳೇ ಮೇಷ್ಟ್ರು, ಬಳ್ಳಾರಿ

ಮೇಡಂ, ಗಾಬರಿ ಬೇಡ. ಸುಧಾ ಕೇಳಿದ ಮಗುವಿನ ಕಥೆಗೂ ನಿಮ್ಮ ಅಮ್ಮನ ಕಥೆಗೂ ದಿಕ್ಕೇ ಬೇರೆ. ಆ ಮಗುವಿಗೆ ಅಂಟುವುದಿಲ್ಲ. ನಿಮ್ಮ ಅಮ್ಮನಿಗೆ ಅಗತ್ಯಕ್ಕಿಂತ ಜಾಸ್ತಿ ಅಂಟಿ, ಜಾಸ್ತಿ ಹಾರ್ಮೋನ್ ಆಗುತ್ತಿದೆ. ಅದನ್ನು ತಡೆಯಲು ಕಾರ್ಬಿಮಾಜೋಲ್. ಮೈಯಲ್ಲಿ ಅದು ಮೆಥಿಮಾಜೋಲ್ ಆಗಿ ಟಿಪಿಒ ಕೈ ಕಟ್ಟುತ್ತದೆ. ಗುಂಡಿ ಹೊಡೆಯುವುದೂ ನಿಲ್ಲುತ್ತದೆ, ಜೋಡಿಸುವುದೂ ನಿಲ್ಲುತ್ತದೆ.

ಹಾಗಾದರೆ ನಡುಕ ಯಾಕೆ ನಿಂತಿಲ್ಲ? ದರ್ಜಿ ಕೆಲಸ ನಿಲ್ಲಿಸಿದ್ದಾನೆ, ಆದರೆ ಗೋಡೌನ್ ತುಂಬಾ ಹೊಲಿದ ಮಾಲಿದೆ. ಸಾಮಾನ್ಯ ಗ್ರಂಥಿಯಲ್ಲಿ ಎರಡು ಮೂರು ತಿಂಗಳಿಗೆ ಸಾಲುವಷ್ಟು ಹಾರ್ಮೋನ್ ಕೊಲಾಯ್ಡ್‌ನಲ್ಲಿ ಬಟ್ಟೆಗೆ ಅಂಟಿಕೊಂಡು ಕೂತಿರುತ್ತದೆ. ಮೈಯಲ್ಲಿ ಬೇರೆ ಯಾವ ಹಾರ್ಮೋನ್ ಗ್ರಂಥಿಯೂ ಇಷ್ಟು ಸರಕು ಕೂಡಿಡುವುದಿಲ್ಲ. ಅಮ್ಮನ ಹಾಗೆ ಅತಿಯಾಗಿ ಕೆಲಸ ಮಾಡುವ ಗ್ರಂಥಿ ಬೇಗ ಖಾಲಿ ಮಾಡುತ್ತದೆ, ಹಾಗಾಗಿ ಅಷ್ಟು ದಿನ ಬೇಡ. ಆದರೂ ವಾರಗಳಂತೂ ಬೇಕು. ಕಾರ್ಬಿಮಾಜೋಲ್ ಗೋಡೌನಿನ ಬಾಗಿಲಿಗೆ ಬೀಗ ಹಾಕುವುದಿಲ್ಲ.

ಬಾಗಿಲು ಹೇಗೆ ತೆರೆಯುತ್ತದೆ ಅಂತಲೂ ಹೇಳಿಬಿಡುತ್ತೇನೆ, ಸುಧಾಗೆ ಪರೀಕ್ಷೆಗೆ ಬೇಕು. ಪಿಟ್ಯುಟರಿ ಗ್ರಂಥಿಯಿಂದ ಬರುವ ಟಿಎಸ್‌ಎಚ್ ಅನ್ನುವ ಹಾರ್ಮೋನ್ ಹೇಳಿದಾಗ ಜೀವಕೋಶ ಕೊಲಾಯ್ಡನ್ನು ಗುಟುಕು ಗುಟುಕಾಗಿ ಹಿಂದಕ್ಕೆ ನುಂಗುತ್ತದೆ. ಒಳಗೆ ಲೈಸೋಸೋಮ್ ಕತ್ತರಿ ಹಾಕಿ ಥಾನನ್ನೇ ಚೂರು ಮಾಡುತ್ತದೆ. ಟಿ4, ಟಿ3 ಬಿಡಿಯಾಗಿ ರಕ್ತಕ್ಕೆ ಹೋಗುತ್ತವೆ. ಒಂದು ಎರಡು ಗುಂಡಿಯ ತುಂಡುಗಳು ಮಾರಾಟಕ್ಕೆ ಬಾರದ ಮಾಲು. ಅವುಗಳ ಗುಂಡಿ ಬಿಚ್ಚಿ ಮತ್ತೆ ಹೊಲಿಯಲು ಕಳಿಸುವ ಕಿಣ್ವ ಬೇರೆ ಇದೆ. ಅದು ಹುಟ್ಟಿನಿಂದ ಇಲ್ಲದ ಮಕ್ಕಳಲ್ಲಿ ಅಯೋಡಿನ್ ಮೂತ್ರದಲ್ಲಿ ಪೋಲಾಗಿ, ತಿನ್ನುವ ಉಪ್ಪು ಸಾಕಷ್ಟಿದ್ದರೂ ಗಳಗಂಡ ಬರುತ್ತದೆ. ನಿಮ್ಮ ಅಮ್ಮನ ರೋಗ ಗ್ರೇವ್ಸ್ ಆಗಿದ್ದರೆ, ಟಿಎಸ್‌ಎಚ್ ಬದಲು ಒಂದು ಪ್ರತಿಕಾಯ ಬಂದು ಬಾಗಿಲು ಬಡಿಯುತ್ತಲೇ ಇರುತ್ತದೆ.

ಇನ್ನೊಂದು, ರಕ್ತಕ್ಕೆ ಬಂದ ಟಿ4 ಕೂಡಾ ಅರ್ಧ ಕರಗಲು ಸುಮಾರು ಒಂದು ವಾರ. ಈ ನಡುವಿನ ದಿನಗಳ ನಡುಕಕ್ಕೆ ಪ್ರೊಪ್ರನಲಾಲ್ ಥರದ ಮಾತ್ರೆ ಕೊಡುವುದುಂಟು. ಅಮ್ಮನ ಚೀಟಿಯಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಡಾಕ್ಟರನ್ನು ಕೇಳಿ. ಅವರಿಗೆ ಉಬ್ಬಸ ಇದ್ದರೆ ಅದನ್ನೂ ಮೊದಲೇ ಹೇಳಿ. ಉಪ್ಪನ್ನು ಎಂದಿನಂತೆ ಹಾಕಿ, ಜಾಸ್ತಿಯೂ ಬೇಡ, ನಿಲ್ಲಿಸುವುದೂ ಬೇಡ. ಒಂದು ಮಾತು ಮಾತ್ರ ಮರೆಯಬೇಡಿ: ಕಾರ್ಬಿಮಾಜೋಲ್ ತಿನ್ನುವಾಗ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಆ ದಿನವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ ಬಿಳಿ ರಕ್ತಕಣದ ಎಣಿಕೆ ಮಾಡಿಸಬೇಕು. ಅಪರೂಪ, ಆದರೆ ಕಾಯುವ ಹಾಗಿಲ್ಲ.

ಗಂಗಾವತಿ ಬಸವ

ಮೇಷ್ಟ್ರೇ, ಇಷ್ಟೆಲ್ಲಾ ಬೇಕೇನ್ರೀ? ನಮ್ಮ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ, ಹಲ್ಲು ನೋಡಿದರೇ ಗೊತ್ತಾಗುತ್ತದೆ. ಫ್ಲೋರಿನ್, ಅಯೋಡಿನ್ ಒಂದೇ ಮನೆತನ. ಫ್ಲೋರೈಡ್ ಬಂದು ಅಯೋಡಿನ್ ಜಾಗ ಹಿಡಿಯುತ್ತದೆ, ಅದಕ್ಕೇ ಎಲ್ಲರಿಗೂ ಥೈರಾಯ್ಡ್. ಇದನ್ನು ಯಾರೂ ಹೇಳುವುದಿಲ್ಲ. ಮತ್ತೆ ನಮ್ಮಜ್ಜಿಗೆ ಕುತ್ತಿಗೆಯಲ್ಲಿ ಗಡ್ಡೆ ಇತ್ತು. ಆಕೆ ಜೀವನಪೂರ್ತಿ ಸಜ್ಜೆ ರೊಟ್ಟಿ ತಿಂದಾಕೆ. ಸಜ್ಜೆಯಿಂದ ಗಡ್ಡೆ ಬರುತ್ತದೆ ಅಂತ ಯಾರೋ ಹೇಳಿದ್ದರು. ನಿಜವಾ?

ಹಳೇ ಮೇಷ್ಟ್ರು, ಬಳ್ಳಾರಿ

ಬಸವಣ್ಣ, ಎರಡೂ ಬೇರೆ ಬೇರೆ ಪ್ರಶ್ನೆ. ಮನೆತನ ಒಂದೇ ಆದ ಮಾತ್ರಕ್ಕೆ ಎನ್‌ಐಎಸ್ ಬಾಗಿಲು ತೆಗೆಯುವುದಿಲ್ಲ. ಅದು ನೋಡುವುದು ಗಾತ್ರ, ಆಕಾರ. ಅಯೋಡೈಡ್ ದೊಡ್ಡದು. ಫ್ಲೋರೈಡ್ ತೀರಾ ಚಿಕ್ಕದು, ಸುತ್ತ ನೀರನ್ನು ಬಿಗಿಯಾಗಿ ಹೊದ್ದುಕೊಂಡೇ ಓಡಾಡುತ್ತದೆ. ಎನ್‌ಐಎಸ್ ಅದನ್ನು ಅಯೋಡೈಡ್ ಅಂತ ತಿಳಿದು ಒಳಗೆ ಬಿಡುವುದಿಲ್ಲ. ಅಲ್ಲಿ ಜಾಗ ಕಬಳಿಸುವವರು ಅಯೋಡೈಡಿನ ಗಾತ್ರದ ಹತ್ತಿರ ಬರುವ ಪರ್‌ಕ್ಲೋರೇಟ್, ಥಯೋಸಯನೇಟ್. ಬೀಡಿ ಸಿಗರೇಟು ಸೇದುವವರ ರಕ್ತದಲ್ಲಿ ಥಯೋಸಯನೇಟ್ ಜಾಸ್ತಿ ಇರುತ್ತದೆ, ಸರಿಯಾಗಿ ಬೇಯಿಸದ ಮರಗೆಣಸಿನಿಂದಲೂ ಬರುತ್ತದೆ. ಫ್ಲೋರೈಡ್ ಬೇರೆ ಯಾವುದಾದರೂ ದಾರಿಯಲ್ಲಿ ಥೈರಾಯ್ಡ್‌ಗೆ ತೊಂದರೆ ಕೊಡುತ್ತದಾ ಅನ್ನುವುದರ ಬಗ್ಗೆ ಅಧ್ಯಯನಗಳು ಒಂದು ಮಾತು ಹೇಳುತ್ತಿಲ್ಲ. ಬೋರಿನ ನೀರು ಶುದ್ಧ ಮಾಡಿ ಕುಡಿಯಲು ಹಲ್ಲು, ಮೂಳೆ ಎರಡೇ ಕಾರಣ ಸಾಕು.

ಸಜ್ಜೆ ಮಾತ್ರ ಸುಮ್ನೆ ಹುಟ್ಟಿದ ಮಾತಲ್ಲ. ಸುಡಾನ್ ದೇಶದಲ್ಲಿ ಸಜ್ಜೆಯೇ ಮುಖ್ಯ ಊಟವಾದ ಕಡೆ ಗಳಗಂಡ ಜಾಸ್ತಿ ಕಂಡು, ಹುಡುಕಿದಾಗ ಸಜ್ಜೆಯ ಹೊಟ್ಟಿನ ಭಾಗದಲ್ಲಿರುವ ಕೆಲವು ಫ್ಲೇವನಾಯ್ಡ್‌ಗಳು ಟಿಪಿಒ ಕೆಲಸವನ್ನು ತಡೆಯುತ್ತವೆ ಅಂತ ಸಿಕ್ಕಿತು. ಪ್ರಯೋಗಾಲಯದಲ್ಲಿ, ಇಲಿಗಳಲ್ಲಿ ತೋರಿಸಿದ್ದಾರೆ. ಹಂತ ಗಮನಿಸು: ಥಯೋಸಯನೇಟ್ ನಲ್ಲಿ ನಿಲ್ಲಿಸುತ್ತದೆ, ಸಜ್ಜೆ ಗುಂಡಿ ಹೊಡೆಯುವವನ ಕೈ ಹಿಡಿಯುತ್ತದೆ. ಆದರೆ ಅದು ಮೂರು ಹೊತ್ತೂ ಸಜ್ಜೆಯನ್ನೇ ತಿಂದು, ಅಯೋಡಿನ್ನೂ ಕಡಿಮೆ ಇರುವವರ ಕಥೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನುವವರು ಹೆದರಬೇಕಿಲ್ಲ. ನಾನಂತೂ ಬಿಡುವುದಿಲ್ಲ.

ಗಂಗಾವತಿ ಬಸವ

ನಮ್ಮಜ್ಜಿ ಕಾಲದಲ್ಲಿ ಅಯೋಡಿನ್ ಉಪ್ಪು ಎಲ್ಲಿತ್ರೀ? ಗೋಣಿಚೀಲದ ಕಲ್ಲುಪ್ಪೇ. ಹಾಗಾದರೆ ಎರಡೂ ಸೇರಿ ಬಂದಿರಬಹುದು ಅಂತಾಯಿತು. ಫ್ಲೋರೈಡ್ ವಿಷಯ ನಾನು ಒಪ್ಪಿಲ್ಲ, ನೋಡೋಣ.

ರಫೀಕ್, ರಾಯಚೂರು

ಸಲಾಂ ಎಲ್ಲರಿಗೂ. ನಾನು ಹೈದರಾಬಾದಿನಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಈ ಪರ್‌ಕ್ಲೋರೇಟ್ ಪರೀಕ್ಷೆ ಕೈಯಾರೆ ಮಾಡಿದ್ದೇನೆ. ಈಗ ಅಪರೂಪ ಆಗಿದೆ, ಜೀನ್ ಪರೀಕ್ಷೆಯೇ ಹೆಚ್ಚು. ಒಂದು ನೆನಪು ಹೇಳುತ್ತೇನೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭ ಆಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಲಿಂಗಸುಗೂರು ಕಡೆಯ ಹದಿನಾಲ್ಕು ವರ್ಷದ ಹುಡುಗಿ. ಚಿಕ್ಕಂದಿನಿಂದ ಎರಡೂ ಕಿವಿಗೆ ಮಷೀನ್. ಒಂದು ವರ್ಷದಿಂದ ಕುತ್ತಿಗೆ ದಪ್ಪ ಆಗುತ್ತಿದೆ. ರಕ್ತದಲ್ಲಿ ಟಿ4 ಸರಿ ಇದೆ, ಟಿಎಸ್‌ಎಚ್ ಮಾತ್ರ ಸ್ವಲ್ಪ ಮೇಲೆ. ಮನೆಯವರಿಗೆ ಕಿವಿ ಒಂದು ಕಾಯಿಲೆ, ಕುತ್ತಿಗೆ ಇನ್ನೊಂದು ಕಾಯಿಲೆ. ಎರಡೂ ಒಂದೇ ಇರಬಹುದಾ ಅಂತ ಡಾಕ್ಟರ್ ಕಳಿಸಿದ್ದರು.

ತುಂಬಾ ಕಡಿಮೆ ಪ್ರಮಾಣದ ವಿಕಿರಣ ಅಯೋಡಿನ್ ಕುಡಿಸಿದೆವು. ಕುಡಿಸುವ ಮೊದಲು ಅದೇ ಪ್ರಮಾಣವನ್ನು ಮಷೀನಿನಲ್ಲಿ ಎಣಿಸಿ ಇಟ್ಟುಕೊಂಡಿದ್ದೆವು: ನಿಮಿಷಕ್ಕೆ 1,20,000. ಎರಡು ಗಂಟೆ ಬಿಟ್ಟು ಕುತ್ತಿಗೆಯ ಮುಂದೆ ಡಿಟೆಕ್ಟರ್ ಇಟ್ಟು ಎಣಿಸಿದೆವು. ತೊಡೆಯ ಮೇಲೂ ಒಮ್ಮೆ ಎಣಿಸಬೇಕು, ಯಾಕೆಂದರೆ ಕುತ್ತಿಗೆಯ ರಕ್ತದಲ್ಲೂ ಅಯೋಡಿನ್ ಇರುತ್ತದೆ, ಅದನ್ನು ಕಳೆಯಬೇಕು. ಕಳೆದ ಮೇಲೆ 21,600. ಅಂದರೆ ಕುಡಿಸಿದ್ದರಲ್ಲಿ 18 ಶೇಕಡಾ ಗ್ರಂಥಿಯಲ್ಲಿ. ಹಿಡಿಯುವುದು ಚೆನ್ನಾಗಿದೆ.

ಆಮೇಲೆ ಪೊಟ್ಯಾಸಿಯಂ ಪರ್‌ಕ್ಲೋರೇಟ್ ಬಾಯಿಯಿಂದ ಕೊಟ್ಟೆವು. ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಗ್ರಾಂ. ಹದಿನೈದು ನಿಮಿಷಕ್ಕೊಮ್ಮೆ ಎಣಿಕೆ. 18 ಇದ್ದದ್ದು 15, ಆಮೇಲೆ 13, 12, ಒಂದು ಗಂಟೆಗೆ 11. ಹುಡುಗಿ ಅಲುಗಾಡದೆ ಕೂತಿದ್ದಳು. ಅವರ ಅಪ್ಪ ಮಾತ್ರ ಪ್ರತಿ ಸಲ ಪರದೆ ನೋಡಿ "ಕಡಿಮೆ ಆಗ್ತಿದೆ, ಒಳ್ಳೇದಾ?" ಅಂತ ಕೇಳುತ್ತಿದ್ದರು. ಏನು ಹೇಳಬೇಕೋ ತಿಳಿಯಲಿಲ್ಲ.

ಸುಧಾ, ಎಷ್ಟು ಶೇಕಡಾ ಇಳಿಯಿತು ನೀನೇ ಹೇಳು.

ಸುಧಾ, ಕೊಪ್ಪಳ

18ರಲ್ಲಿ 11 ಕಳೆದರೆ 7. ಏಳು ಶೇಕಡಾ. ಹತ್ತಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಅಂತ ಪುಸ್ತಕದಲ್ಲಿದೆ. ಹಾಗಾದರೆ ಹುಡುಗಿ ಸರಿ ಇದ್ದಾಳೆ ಅಲ್ವಾ ಅಣ್ಣಾ?

ರಫೀಕ್, ರಾಯಚೂರು

ಇಲ್ಲೇ ಎಲ್ಲರೂ ಜಾರುವುದು. 7 ಅನ್ನುವುದು ಕುಡಿಸಿದ ಒಟ್ಟು ಪ್ರಮಾಣದ ಪಾಲು. ನಮಗೆ ಬೇಕಾದದ್ದು ಗ್ರಂಥಿ ಹಿಡಿದಿದ್ದರಲ್ಲಿ ಎಷ್ಟು ಸೋರಿತು ಅನ್ನುವುದು. ಹಿಡಿದದ್ದು 18. ಸೋರಿದ್ದು 7. ಏಳನ್ನು ಹದಿನೆಂಟರಿಂದ ಭಾಗಿಸಿ ನೂರರಿಂದ ಗುಣಿಸು, ಸುಮಾರು 39 ಶೇಕಡಾ. ಹತ್ತು ದಾಟಿದರೆ ಅನುಮಾನ, ಕೆಲವು ಕಡೆ ಹದಿನೈದು ಇಟ್ಟುಕೊಳ್ಳುತ್ತಾರೆ. ಇದು ಎರಡೂ ಗೆರೆ ದಾಟಿದೆ. ಆದರೆ ಪೂರ್ತಿ ಖಾಲಿ ಆಗಿಲ್ಲ. ಅಂದರೆ ಅಂಟುತ್ತದೆ, ನಿಧಾನ. 90 ದಾಟಿ ಇಳಿದಿದ್ದರೆ ಟಿಪಿಒ ಕಿಣ್ವವೇ ಕೆಟ್ಟಿದೆ ಅನ್ನುವ ಅನುಮಾನ ಬಲವಾಗುತ್ತದೆ. ಅಂಥ ಮಕ್ಕಳು ಹುಟ್ಟಿದಾಗಲೇ ಹಾರ್ಮೋನ್ ಕೊರತೆಯಿಂದ ಸಿಗುತ್ತಾರೆ, ಹದಿನಾಲ್ಕು ವರ್ಷ ಕಾಯುವುದಿಲ್ಲ.

ಅರೆಬರೆ ಸೋರಿಕೆ, ಹುಟ್ಟಿನಿಂದ ಕಿವುಡು, ದೊಡ್ಡವಳಾಗುತ್ತಾ ಗಳಗಂಡ. ಮೂರೂ ಸೇರಿದಾಗ ಡಾಕ್ಟರ್ ಪೆಂಡ್ರೆಡ್ ಅಂದರು. ಆಮೇಲೆ ಸ್ಕ್ಯಾನ್‌ನಲ್ಲಿ ಒಳಕಿವಿಯ ಒಂದು ನಾಳ ಇರಬೇಕಾದ್ದಕ್ಕಿಂತ ಅಗಲ ಇದ್ದದ್ದೂ ಕಂಡಿತು. ಅಲ್ಲಿಗೆ ಎರಡು ಕಾಯಿಲೆ ಒಂದಾಯಿತು.

ಒಂದು ಎಚ್ಚರಿಕೆ. ದೇಹವೇ ತನ್ನ ಥೈರಾಯ್ಡ್ ಮೇಲೆ ದಾಳಿ ಮಾಡುವ ಹಶಿಮೋಟೋ ಕಾಯಿಲೆ ಇರುವವರಲ್ಲೂ ಈ ಪರೀಕ್ಷೆ ಇಳಿಕೆ ತೋರಿಸಬಹುದು. ಮತ್ತೆ ಇತ್ತೀಚೆಗೆ ಸಿಟಿ ಸ್ಕ್ಯಾನ್‌ಗೆ ಅಯೋಡಿನ್ ಇರುವ ಬಣ್ಣದ ಇಂಜೆಕ್ಷನ್ ತಗೊಂಡಿದ್ದರೆ ಗ್ರಂಥಿ ಮೊದಲೇ ಏನೂ ಹಿಡಿಯುವುದಿಲ್ಲ. ಹಿಡಿಯದೇ ಇದ್ದರೆ ಸೋರಿಕೆ ಅಳೆಯುವುದು ಎಲ್ಲಿಂದ? ಒಂದು ಸಲ ನಾವೇ ಕೇಳಲು ಮರೆತು ಅರ್ಧ ದಿನ ಹಾಳು ಮಾಡಿಕೊಂಡಿದ್ದೆವು.

ಮಂಜು ಫಾರ್ಮಾ, ಸಿರುಗುಪ್ಪ

ಪೆಂಡ್ರೆಡ್ ಅಂದರೆ ಪೆಂಡ್ರಿನ್ ಕೆಟ್ಟಿರುವುದು. ಪೆಂಡ್ರಿನ್ ಅಂದರೆ ಮುಖದ ಕಡೆಯ ಬಾಗಿಲು. ಅಯೋಡೈಡ್ ಜೀವಕೋಶ ದಾಟಿ ಬಂದರೂ ಕೊಲಾಯ್ಡ್‌ಗೆ ಹೋಗಲು ಬಾಗಿಲು ಇಲ್ಲ. ಒಲೆ ಆಚೆ ಇದೆ, ಅಯೋಡೈಡ್ ಈಚೆ ನಿಂತಿದೆ. ಅದಕ್ಕೇ ಅಂಟಿಲ್ಲ, ಬೆನ್ನಿನಿಂದ ವಾಪಸ್ ಸೋರಿತು. ಈ ಸಲ ಸರಿ ಹೇಳಿದೆನಾ ಮೇಷ್ಟ್ರೇ?

ಹಳೇ ಮೇಷ್ಟ್ರು, ಬಳ್ಳಾರಿ

ಪಾಠಪುಸ್ತಕದ ಉತ್ತರ ಪೂರ್ತಿ ಸರಿ, ಅಂಕ ಕೊಟ್ಟೆ. ಆದರೆ ನನಗೇ ಇಲ್ಲಿ ಒಂದು ಮುಳ್ಳು ಚುಚ್ಚುತ್ತದೆ. ಪೆಂಡ್ರಿನ್ ಒಂದೇ ಬಾಗಿಲಾಗಿದ್ದರೆ ಅದು ಕೆಟ್ಟ ಎಲ್ಲರಿಗೂ ಹಾರ್ಮೋನ್ ಪೂರಾ ನಿಲ್ಲಬೇಕಿತ್ತು. ಪೆಂಡ್ರೆಡ್ ಇರುವ ಎಷ್ಟೋ ಜನರಿಗೆ ಟಿ4 ಸರಿಯಾಗಿಯೇ ಇರುತ್ತದೆ, ಕೆಲವರಿಗೆ ಗಳಗಂಡವೂ ಬರುವುದಿಲ್ಲ. ಪೆಂಡ್ರಿನ್ ತೆಗೆದುಹಾಕಿದ ಇಲಿಗಳು ಕಿವುಡಾದವು, ಥೈರಾಯ್ಡ್ ಮಾತ್ರ ಸರಿ ಇತ್ತು.

ರಫೀಕ್, ರಾಯಚೂರು

ಅನೋಕ್ಟಮಿನ್ ಅಂತ ಇನ್ನೊಂದು ಬಾಗಿಲು ಇದೆ ಅಂತಾರಲ್ಲ ಸರ್. ಅದು ಮುಖ್ಯ, ಪೆಂಡ್ರಿನ್ ಹೆಚ್ಚುವರಿ ಇರಬಹುದಲ್ವಾ?

ಹಳೇ ಮೇಷ್ಟ್ರು, ಬಳ್ಳಾರಿ

ಇರಬಹುದು. ಹಾಗಂತ ಪೆಂಡ್ರಿನ್ ಬರೀ ಹೆಚ್ಚುವರಿ ಅಂದರೆ ನಿನ್ನ ಹುಡುಗಿಯ 39 ಶೇಕಡಾಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ಊಟದಲ್ಲಿ ಅಯೋಡಿನ್ ಸಾಕಷ್ಟು ಇದ್ದಾಗ ಅರೆ ತೆರೆದ ಬಾಗಿಲಿನಲ್ಲೇ ಹೇಗೋ ನಡೆಯುತ್ತದೆ, ಕಡಿಮೆ ಆದಾಗ ಗಳಗಂಡ ಕಾಣಿಸಿಕೊಳ್ಳುತ್ತದೆ ಅಂತ ನನ್ನ ಅಂದಾಜು. ಸುಧಾ, ಪರೀಕ್ಷೆಯಲ್ಲಿ ಮಂಜು ಬರೆದದ್ದನ್ನೇ ಬರೆ. ಈ ಜಗಳ ಅಲ್ಲಿ ತೆಗೆಯಬೇಡ.

ಸಿಂಧನೂರಿನ ಟೀಚರ್

ಇದು ಬರೆದು ಆರು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಮಾತ್ರೆ ನಿಲ್ಲಿಸಲಿಲ್ಲ. ಡಾಕ್ಟರನ್ನು ಕೇಳಿದಾಗ ನಡುಕದ ಮಾತ್ರೆಯನ್ನೂ ಸೇರಿಸಿದರು. ಅಮ್ಮನ ಕೈ ಈಗ ಚಹಾ ಲೋಟ ಹಿಡಿದರೂ ಚೆಲ್ಲುವುದಿಲ್ಲ. ನಿನ್ನೆ ರಿಪೋರ್ಟ್ ಬಂತು: ಟಿ4 ಸರಿ ಇದೆ, ಟಿಎಸ್‌ಎಚ್ ಇನ್ನೂ 0.01. ಇದೇನು ಸರ್, ಒಂದು ಸರಿ, ಒಂದು ತಪ್ಪು?

ಹಳೇ ಮೇಷ್ಟ್ರು, ಬಳ್ಳಾರಿ

ತಪ್ಪಲ್ಲ ಮೇಡಂ, ತಡ. ತಿಂಗಳುಗಟ್ಟಲೆ ಜಾಸ್ತಿ ಟಿ4 ನೋಡಿ ಟಿಎಸ್‌ಎಚ್ ಮಾಡುವ ಪಿಟ್ಯುಟರಿ ಜೀವಕೋಶಗಳು ಮಲಗಿಬಿಟ್ಟಿರುತ್ತವೆ. ಟಿ4 ಇಳಿದ ಮೇಲೂ ಅವು ಏಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಈ ಹೊತ್ತಿನಲ್ಲಿ ಟಿಎಸ್‌ಎಚ್ ಒಂದನ್ನೇ ನೋಡಿ ಮಾತ್ರೆ ಏರಿಸಿದರೆ ಟಿ4 ತೀರಾ ಕೆಳಗೆ ಹೋಗುತ್ತದೆ. ಡಾಕ್ಟರ್ ಹತ್ತಿರ ಹೋಗುವಾಗ ಎರಡೂ ರಿಪೋರ್ಟ್ ತಗೊಂಡು ಹೋಗಿ, ಹಳೆಯದನ್ನೂ ಸೇರಿಸಿ.

ಸುಧಾ, ಕೊಪ್ಪಳ

ಸರ್, ಮೇಡಂ ಹತ್ತಿರ ಹೋಗಿ ತೂತು ಕೊಡದ ಕಥೆ ಹೇಳಿದೆ. ನಕ್ಕರು. ಸೊನ್ನೆ ಮಾತ್ರ ಹಾಗೇ ಇದೆ. ಆದರೆ ಮುಂದಿನ ಬ್ಯಾಚಿಗೆ 18ರಿಂದ 11ರ ಲೆಕ್ಕ ಬೋರ್ಡಿನ ಮೇಲೆ ಮಾಡಿಸಿದರು. ಅರ್ಧಕ್ಕರ್ಧ ಜನ ಏಳು ಶೇಕಡಾ ಅಂತಲೇ ಬರೆದರಂತೆ.